ಉತ್ತರದ ಕಾಲುವೆ, ಮೂರು ಸೂತ

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನೀರು ಬಿಟ್ಟೆವು. ಪೂರ್ವಕ್ಕೆ ಹರಿಯಿತು, ಪಶ್ಚಿಮಕ್ಕೆ ಹರಿಯಿತು, ದಕ್ಷಿಣಕ್ಕೂ ಹರಿಯಿತು. ಉತ್ತರದ ಕಾಲುವೆ ಮಾತ್ರ ಒಣಗಿಕೊಂಡೇ ಇತ್ತು. ಹದಿನಾಲ್ಕು ಜನ ಆಳುಗಳು ಸುತ್ತ ನಿಂತು ಒಮ್ಮೆ ಕಾಲುವೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಕಾಲುವೆ ನೋಡಿದ್ದಕ್ಕೆ ನನಗೆ ಬೇಸರವಿಲ್ಲ. ಮುಖ ನೋಡಿದ್ದಕ್ಕೆ ಮೈ ಉರಿಯಿತು.

ನಾನು ಧರ್ಮರಾಜ, ಆಳಂದ ಕಡೆಯವನು. ಮೂವತ್ತು ವರ್ಷದಿಂದ ಪುಣೆಯಲ್ಲಿ ಗೌಂಡಿ ಕೆಲಸ. ಗೋಡೆ ಯಾರಾದರೂ ಕಟ್ಟುತ್ತಾರೆ. ಮಟ್ಟ ಹಿಡಿಯುವುದು ನನ್ನ ಕೈಗುಣ. ಎಂಟಂತಸ್ತಿನ ಕಟ್ಟಡವಾದರೂ ಈಜುಕೊಳವಾದರೂ ಮಟ್ಟಕ್ಕೆ ನನ್ನನ್ನೇ ಕರೆಯುತ್ತಿದ್ದರು. ಹಿಡಿಯುತ್ತಿದ್ದುದು ಪೈಪಿನಿಂದ. ಬೆರಳು ದಪ್ಪದ ಪಾರದರ್ಶಕ ಪೈಪು, ಒಳಗೆ ನೀರು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಎದುರಿನವರ ಕೈಯಲ್ಲಿ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಗುರುತಿನ ಮೇಲೆ ನೀರು ಕೂತಾಗ ಎದುರಿನವರು ಕೂಗಬೇಕು, ಇಲ್ಲಿ ನಾನು ಗೆರೆ ಹಾಕಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ.

ಇಪ್ಪತ್ತೆರಡು ವರ್ಷ ಎದುರು ತುದಿ ಹಿಡಿದಿದ್ದವಳು ನನ್ನ ಹೆಂಡತಿ ಅವ್ವಮ್ಮ. ಈಗ ಆಕೆ ಪುಣೆ ಹತ್ತಿರದ ಶಿರೂರಿನಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆ, ಈರುಳ್ಳಿ ಗೋದಾಮಿನಲ್ಲಿ ಉಳ್ಳಾಗಡ್ಡಿ ಆರಿಸುತ್ತಾಳೆ. ಹೋಗಿ ಹದಿನಾಲ್ಕು ತಿಂಗಳಾಯಿತು. ನಮಗೆ ಮಕ್ಕಳಿಲ್ಲ. ಪುಣೆಯ ನಿಗಡಿ ಬಡಾವಣೆಯ ಒಂದೇ ಕೋಣೆಯ ಖೋಲಿಯಲ್ಲಿ ನಾನೊಬ್ಬನೇ.

ಆಕೆ ಯಾಕೆ ಹೋದಳು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಸುಳ್ಳು ಹೇಳಿದ್ದೇನೆ. ನಿಜ ಇಷ್ಟು. ನಿಗಡಿಯ ಒಂದು ವಸತಿ ಸೊಸೈಟಿಯಲ್ಲಿ ಈಜುಕೊಳದ ಅಂಚಿಗೆ ಮಟ್ಟ ಹಿಡಿದಿದ್ದೆವು. ನೀರು ತುಂಬಿಸಿದಾಗ ಒಂದೇ ಕಡೆ ಚೆಲ್ಲಿತು. ನಲವತ್ತು ಜನರ ಎದುರಿಗೆ ಅವಳನ್ನು ಬೈದೆ. ಕಣ್ಣು ಕಳೆದುಕೊಂಡಿದ್ದೀಯಾ ಎಂದೆ, ಅನ್ನಬಾರದ ಇನ್ನೆರಡು ಮಾತೂ ಅಂದೆ. ಆಕೆ ಪೈಪಿನ ನೀರು ಚೆಲ್ಲಿ, ಅದನ್ನು ನೀಟಾಗಿ ಸುತ್ತಿ, ಕಟ್ಟೆಯ ಮೇಲಿಟ್ಟು ಹೋದಳು. ಸಂಜೆ ಒಬ್ಬನೇ ಕೂತು ನೆನಪು ಮಾಡಿಕೊಂಡಾಗ ನನ್ನ ಹೆಬ್ಬೆರಳು ನೆನಪಾಯಿತು. ಗೆರೆ ಹಾಕುವಾಗ ಅದು ಪೈಪಿನ ಬಾಯಿಯ ಮೇಲಿತ್ತು. ಬಾಯಿ ಮುಚ್ಚಿದರೆ ಗಾಳಿ ಕಟ್ಟಿ ನೀರು ಸರಿಯಾಗಿ ಏರುವುದಿಲ್ಲ, ಇಳಿಯುವುದಿಲ್ಲ. ತಪ್ಪು ನನ್ನದು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಹೇಳಬೇಕೆಂದುಕೊಂಡ ದಿನವೆಲ್ಲ ಫೋನ್ ತೆಗೆದು ಮತ್ತೆ ಜೇಬಿಗಿಟ್ಟೆ. ಹಾಗೇ ಹದಿನಾಲ್ಕು ತಿಂಗಳು ಕಳೆಯಿತು.

ಈ ನಾಲ್ಕು ಕಾಲುವೆಯ ತೋಟದ ಕೆಲಸ ಬಂದದ್ದು ಆಮೇಲೆ. ಪುಣೆಯಿಂದ ಶಿರೂರಿಗೆ ಹೋಗುವ ರಸ್ತೆಯಲ್ಲಿ, ಶಿರೂರು ಇನ್ನೂ ಅರ್ಧ ಗಂಟೆ ಇರುವಾಗ, ಬಲಕ್ಕೆ ಒಂದು ಬಯಲು. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರ ಮಾಡುವ ಮಲಕಪ್ಪ ಸಾಹುಕಾರರ ಜಾಗ. ನಕಾಶೆ ಬರೆದವಳು ಶಿವಾನಿ. ನಮ್ಮ ಕಡೆಯ ಮನೆತನದ ಹುಡುಗಿ, ಹುಟ್ಟಿ ಬೆಳೆದದ್ದು ಪುಣೆ. ಮೊದಲ ದಿನ ಆಕೆ ಚಾರ್‌ಬಾಗ್ ಎಂದಾಗ ನಾನು ನಾಲ್ಕು ಭಾಗ ಎಂದುಕೊಂಡೆ. ನಮ್ಮಲ್ಲಿ ಭಾಗವೆಂದರೆ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವುದು.

"ಯಾರಿಗೆ ಎಷ್ಟೆಷ್ಟ್ ಪಾಲ್ರಿ ಮೇಡಮ್ಮರ?" ಎಂದು ಕೇಳಿಯೂಬಿಟ್ಟೆ.

"ಬಾಗ್ ಅಂದ್ರ ತೋಟ, ಧರ್ಮಣ್ಣಾ," ಎಂದು ಆಕೆ ನಕ್ಕಳು. "ಆದ್ರ ನೀವು ಅಂದದ್ದೂ ಪೂರಾ ತಪ್ಪಲ್ಲ. ನಾಕು ಪಾಲು ಮಾಡೂದ ಅದ. ಹಂಚೂದು ಮಣ್ಣಲ್ಲ, ನೀರು."

ಕೆಲಸ ಶುರುವಾದ ಮೇಲೆ ನನಗೆ ಈ ತೋಟದ ಹುಚ್ಚು ಹಿಡಿಯಿತು. ನೂರಿಪ್ಪತ್ತು ಅಡಿಯ ಚೌಕ, ಸುತ್ತ ಆಳೆತ್ತರದ ಗೋಡೆ. ಮೂಲೆಗಳನ್ನು ಮೂರು, ನಾಲ್ಕು, ಐದು ಅಡಿಯ ದಾರದ ತ್ರಿಕೋನದಿಂದ ಕಾಟಕೋನಕ್ಕೆ, ಅಂದರೆ ಲಂಬಕೋನಕ್ಕೆ, ತಂದೆ. ಆಮೇಲೆ ಎದುರುಬದುರು ಮೂಲೆಗಳಿಗೆ ಎರಡು ದಾರ ಎಳೆದೆ. ಎರಡೂ ನೂರ ಅರವತ್ತೊಂಬತ್ತು ಅಡಿ ಎಂಟೂವರೆ ಇಂಚು ಬಂದವು. ಒಂದು ದಾರ ಒಂದಿಂಚು ಹೆಚ್ಚಾಗಿದ್ದರೂ ಚೌಕ ಸೊಟ್ಟ ಎಂದರ್ಥ. ಎರಡು ದಾರ ಕೂಡಿದ ಕಡೆ ತೋಟದ ನಡು. ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಾಲುವೆ, ಎರಡೆರಡು ಅಡಿ ಅಗಲ, ಇಕ್ಕೆಲಕ್ಕೂ ಕಲ್ಲು ಹಾಸಿದ ದಾರಿ.

ನಡುವಿಗೆ ಎಂಟು ಮೂಲೆಯ ಕೊಳ, ಅದರ ನಡುವೆ ಕಾರಂಜಿ. ಎಂಟು ಮೂಲೆಗೆ ಶಿವಾನಿ ಒಂದು ಯುಕ್ತಿ ಹೇಳಿಕೊಟ್ಟಳು. ಹದಿನಾರು ಅಡಿಯ ಚೌಕ ಬರೆದು, ಮೂಲೆಯಿಂದ ನಡುವಿನವರೆಗಿನ ದಾರ ಹಿಡಿದು, ಪ್ರತಿ ಮೂಲೆಯಿಂದಲೂ ಬದಿಗಳ ಮೇಲೆ ತಿರುಗಿಸಬೇಕು. ಹನ್ನೊಂದು ಅಡಿ ಮೂರೂ ಮುಕ್ಕಾಲು ಇಂಚಿಗೆ ದಾರ ಮುಟ್ಟಿದಲ್ಲೆಲ್ಲ ಗುರುತು. ಎಂಟು ಗುರುತು ಕೂಡಿಸಿದರೆ ಎಂಟು ಸಮನಾದ ಬದಿ. ಲೆಕ್ಕ ಬರೆಯದೆ, ಬರೀ ದಾರದಿಂದ. ಅವತ್ತು ಖುಷಿಯಾಗಿ ಯಾರಿಗಾದರೂ ಹೇಳಬೇಕೆನಿಸಿತು. ಸೈಟಿನಲ್ಲಿ ನಾನು ಮಲಗುವ ತಗಡಿನ ಶೆಡ್ಡಿನಲ್ಲಿ ಹೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಗಿಡ ನೆಡುವ ನಾಲ್ಕು ಚೌಕಗಳನ್ನು ದಾರಿಗಿಂತ ಎರಡೂವರೆ ಅಡಿ ಕೆಳಗೆ ಇಳಿಸಿದೆವು. ನನಗೆ ಇದು ವಿಚಿತ್ರವೆನಿಸಿತ್ತು. ಎತ್ತರದ ದಾರಿಯಲ್ಲಿ ನಡೆದರೆ ಹೂವು ಕಾಲಿನ ಸಮಕ್ಕೆ ಜಮಖಾನದಂತೆ ಕಾಣುತ್ತದೆ, ಕಿತ್ತಳೆ ಹಣ್ಣು ಬಾಗದೆಯೇ ಕೈಗೆ ಬರುತ್ತದೆ ಎಂದು ಶಿವಾನಿ ಹೇಳಿದಳು. ಇನ್ನೊಂದು ಲಾಭವೂ ಇದೆ. ಕಾಲುವೆಯ ಪಕ್ಕದ ಕಲ್ಲಿನಲ್ಲಿ ಸಣ್ಣ ತೂತು ಬಿಟ್ಟರೆ ನೀರು ತಾನೇ ಗಿಡಕ್ಕಿಳಿಯುತ್ತದೆ. ಚಂದಕ್ಕೆ ಹರಿಯುವ ನೀರೇ ಬೇರಿಗೂ ಹೋಗುತ್ತದೆ.

ಉತ್ತರದ ತುದಿಯಲ್ಲಿ ನೆಲ ಮೂರಡಿ ಕೆಳಕ್ಕೆ ಬೀಳುತ್ತದೆ. ಅಲ್ಲಿ ಒಂದು ದೊಡ್ಡ ಕಲ್ಲನ್ನು ಇಳಿಜಾರಾಗಿ ಕೂರಿಸಿ, ಮೈತುಂಬ ಮೀನಿನ ಹುರುಪೆಯ ಹಾಗೆ ಕೆತ್ತಿಸಿದ್ದೆವು. ಅದಕ್ಕೆ ಚಾದರ ಎನ್ನುತ್ತಾರೆ. ನೀರು ಅದರ ಮೇಲೆ ಹಾಸಿಕೊಂಡು ಇಳಿಯುವಾಗ ಕೆತ್ತನೆಗೆ ತಾಗಿ ಒಡೆದು ಬೆಳ್ಳಗಾಗಬೇಕು, ಸಪ್ಪಳ ಮಾಡಬೇಕು. ಕೆಳಗೊಂದು ತೊಟ್ಟಿ, ಅದರಾಚೆ ಮಂಟಪ. ನಾಲ್ಕು ಬದಿಗೂ ಮೂರು ಮೂರು, ಒಟ್ಟು ಹನ್ನೆರಡು ಬಾಗಿಲು. ಬಾಗಿಲೆಂದರೆ ಬರೀ ಕಮಾನು, ಗಾಳಿ ಹಾಯಲಿಕ್ಕೆ. ಅದರೊಳಗೆ ಕೂತರೆ ಚಾದರ, ಕಾಲುವೆ, ಕಾರಂಜಿ, ಆಚೆ ದಕ್ಷಿಣದ ಬಾಗಿಲು, ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತವೆ. ಒಂದು ಗೇಣು ಪಕ್ಕಕ್ಕೆ ಸರಿದರೆ ಗೆರೆ ತಪ್ಪುತ್ತದೆ.

"ಒಬ್ಬರಿಗ ಕೂಡಾಕ ಇಷ್ಟೆಲ್ಲ ಯಾಕ್ರಿ?" ಎಂದು ಕೇಳಿದ್ದೆ.

"ಇದು ಅಡ್ಡಾಡೂ ತೋಟ ಅಲ್ರಿ, ಕೂಡೂ ತೋಟ," ಎಂದಿದ್ದಳು ಶಿವಾನಿ. "ಇಂಥಾ ತೋಟ ಹಾಕಿಸ್ತಿದ್ದ ಬಾದಶಹರು ಅರ್ಧ ಆಯುಷ್ಯ ಡೇರೆದಾಗ, ಧೂಳದಾಗ, ದಂಡಿನ ಗದ್ದಲದಾಗ ಕಳೀತಿದ್ರು. ಗ್ವಾಡಿ ಹೊರಗ ಯಾವುದೂ ತಮ್ಮ ಕೈಯಾಗ ಇಲ್ಲ. ಒಳಗರೆ ಎಲ್ಲಾ ಲೆಕ್ಕಕ್ಕ ಬರಬೇಕು. ನಡುವಿನಿಂದ ನಾಕು ನದಿ ಹರೀತಾವ, ನೀರು, ಹಾಲು, ಮದ್ಯ, ಜೇನು. ಅವರ ಸ್ವರ್ಗ ಅದು. ಭಾಳ ಮಂದಿನ್ನ ಸತ್ತ ಮ್ಯಾಲ ಅವರು ಹಾಕಿಸಿದ ತೋಟದಾಗನ ಹೂಳಿದ್ರು."

ಬದುಕಿದ್ದಾಗ ಒಬ್ಬನೇ ಕೂರು, ಸತ್ತ ಮೇಲೂ ಅಲ್ಲೇ ಒಬ್ಬನೇ ಮಲಗು. ಎಂಥ ಸ್ವರ್ಗವಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ದಿನದ ಕೆಲಸ ಮುಗಿದ ಮೇಲೆ ಆ ಮಂಟಪದಲ್ಲೇ ಹೋಗಿ ಕೂರುತ್ತಿದ್ದೆ.

ಇಂಥ ತೋಟದಲ್ಲಿ ಉತ್ತರದ ಕಾಲುವೆಗೇ ನೀರಿಲ್ಲ. ಚಾದರಕ್ಕೆ ಹನಿಯಿಲ್ಲ.

ನೀರಿನ ವ್ಯವಸ್ಥೆ ಸರಳ. ದಕ್ಷಿಣದ ಗೋಡೆಯ ಮೇಲೆ ಎತ್ತರದ ನೀರಿನ ಟಾಕಿ. ಅಲ್ಲಿಂದ ನೆಲದೊಳಗಿನ ಪೈಪಿನಲ್ಲಿ ನೀರು ತನ್ನ ಭಾರಕ್ಕೇ ಬಂದು ನಡುಗೊಳದ ಕಾರಂಜಿಯಲ್ಲಿ ಚಿಮ್ಮುತ್ತದೆ. ಕೊಳ ತುಂಬಿ ನಾಲ್ಕು ಕಡೆಯ ಹೊಸ್ತಿಲ ಕಲ್ಲು ದಾಟಿ ನಾಲ್ಕು ಕಾಲುವೆಗೆ ಇಳಿಯುತ್ತದೆ. ತುದಿಯಲ್ಲಿ ಸೇರಿದ ನೀರನ್ನು ಪಂಪು ಮತ್ತೆ ಟಾಕಿಗೆ ಎತ್ತುತ್ತದೆ. ಹೊಸ್ತಿಲು ದಾಟುವ ನೀರಿನ ದಪ್ಪ ಹೆಚ್ಚೆಂದರೆ ಮೂರು ಸೂತ. ಇಂಚಿಗೆ ಎಂಟು ಸೂತ. ಹಾಗಾಗಿ ನಾಲ್ಕು ಹೊಸ್ತಿಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಮಟ್ಟಕ್ಕಿರಬೇಕು. ಒಂದು ಏರಿದರೆ ಅದರ ಪಾಲು ಉಳಿದ ಮೂವರಿಗೆ ಹೋಗುತ್ತದೆ. ಏರಿದ್ದನ್ನು ಅಂದಾಜಿನ ಮೇಲೆ ಹೆಚ್ಚು ಇಳಿಸಿದರೆ ಅದೇ ಎಲ್ಲರ ನೀರು ಕುಡಿಯುತ್ತದೆ. ಎಷ್ಟು ಏರಿದೆ ಎಂದು ನಿಖರವಾಗಿ ಗೊತ್ತಾಗಬೇಕು.

"ಲೇಸರ್ ಯಂತ್ರದವ್ರನ್ನ ಕರಸ್ತೀನಿ," ಎಂದಳು ಶಿವಾನಿ.

"ಬ್ಯಾಡ್ರಿ. ನಾ ಹಿಡದ ಮಟ್ಟ, ನಾನ ನೋಡ್ತೀನಿ."

"ಸೋಮವಾರದ ತನಕ ನೋಡ್ರಿ. ಸೋಮವಾರ ಅವ್ರು ಬರ್ತಾರ, ಆಮ್ಯಾಲ ಈ ಕೆಲಸ ಅವ್ರದು."

ಗುರುವಾರ ಪೈಪು ತಂದು ದತ್ತುವನ್ನು ಕರೆದೆ. ದತ್ತು ಮರಾಠಿ ಮನುಷ್ಯ, ಸೈಟಿನ ಮುಕಾದಮ, ಅಂದರೆ ಆಳುಗಳ ಮುಖ್ಯಸ್ಥ, ನನಗಿಂತ ನಾಲ್ಕು ವರ್ಷ ದೊಡ್ಡವನು. ಹೊಸ್ತಿಲು ಕೂರಿಸುವಾಗಲೂ ಎದುರು ತುದಿ ಅವನದೇ. ಗುರುತಿಗೆ ನೀರು ಬಂದಾಗ 'ಹೌದು' ಎಂದು ಕೂಗಲು ನಾನೇ ಕಲಿಸಿದ್ದೆ, ಅವ್ವಮ್ಮನ ಬಾಯಿಂದ ಆ ಮಾತು ಕೇಳಿ ಕೇಳಿ ಬೇರೆ ಮಾತಿಗೆ ನನ್ನ ಕೈ ಓಡುತ್ತಿರಲಿಲ್ಲ. ಅವನು ಪೈಪು ಮುಟ್ಟುವ ಮೊದಲೇ ನಾನು ಶುರು ಮಾಡಿದೆ. ಅವತ್ತು ಎಲ್ಲಿ ನೋಡುತ್ತಿದ್ದೆ, ನಿನ್ನಿಂದಲೇ ಕಲ್ಲು ಏರಿತು, ನಿನಗೆ ಪೈಪು ಕೊಟ್ಟದ್ದೇ ತಪ್ಪು. ಎಲ್ಲರ ಎದುರಿಗೆ, ಮರಾಠಿಯಲ್ಲಿ, ಅವನಿಗೆ ಚೆನ್ನಾಗಿ ತಿಳಿಯುವ ಹಾಗೆ. ದತ್ತು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ. ಮಿಕ್ಕ ಹದಿಮೂರು ಜನರನ್ನು ಒಬ್ಬೊಬ್ಬರಾಗಿ ಕರೆದೆ. ಒಬ್ಬನಿಗೆ ಬೆನ್ನು ನೋವು, ಒಬ್ಬನಿಗೆ ಕಣ್ಣು ಮಂಜು. ನನ್ನ ಎದುರು ತುದಿಗೆ ಯಾರೂ ಬರಲಿಲ್ಲ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಪೈಪಿಲ್ಲದೆಯೂ ಈ ಅಳತೆ ಆಗುತ್ತಿತ್ತು. ಕಾಲುವೆಗಳ ಬಾಯಿಗೆ ಜೇಡಿಮಣ್ಣು ಮೆತ್ತಿ ಕೊಳ ತುಂಬಿಸಿ ನಿಲ್ಲಿಸಿದರೆ, ನಿಂತ ನೀರಿಗಿಂತ ದೊಡ್ಡ ಮಟ್ಟ ಯಾವುದಿದೆ? ಒಬ್ಬನೇ ಅಳೆಯಬಹುದು. ಯಾವ ಗೌಂಡಿಗಾದರೂ ಗೊತ್ತು, ನನಗೂ ಗೊತ್ತಿತ್ತು. ಆದರೂ ಶುಕ್ರವಾರ ಅವ್ವಮ್ಮನಿಗೆ ಫೋನ್ ಹಚ್ಚಿದೆ.

"ಯಾರು?" ಎಂದಳು. ನನ್ನ ನಂಬರ್ ತೆಗೆದುಹಾಕಿದ್ದಳೇನೋ.

"ನಾನು. ಒಂದ್ ಮಟ್ಟ ಹಿಡಿಯೂದದ. ಪೈಪಿಗಿ ಇಬ್ಬರು ಬೇಕು. ನಿನ್ನ ಬಿಟ್ರ ಯಾರಿಗೂ ಬರಲ್ಲ."

ಹಿಂದೆ ಗೋದಾಮಿನ ಹೆಂಗಸರ ಮಾತು ಕೇಳುತ್ತಿತ್ತು.

"ಐತವಾರ ರಜಾ ಅದ," ಎಂದಳು ಕೊನೆಗೆ. "ಮುಂಜಾನಿ ಬಸ್ಸಿಗಿ ಬರ್ತೀನಿ. ಮಟ್ಟ ಹಿಡದು ಹೋಗ್ತೀನಿ."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಗಾಳಿ ಇರಲಿಲ್ಲ. ಕೈ ಸುಮ್ಮನಿರಲಿಲ್ಲ. ನಾಲ್ಕು ಬಾಯಿಗೂ ಮಣ್ಣು ಮೆತ್ತಿ, ಕಾರಂಜಿಯ ವಾಲ್ವು ಒಂದಿಷ್ಟೇ ತಿರುವಿ, ನೀರು ಉತ್ತರದ ಹೊಸ್ತಿಲನ್ನು ಮುಟ್ಟುತ್ತಲೇ ನಿಲ್ಲಿಸಿದೆ. ಅಲೆ ಅಡಗಿದ ಮೇಲೆ ಪಟ್ಟಿ ಇಟ್ಟು ನೋಡಿದೆ. ಪೂರ್ವದ ಕಲ್ಲಿನ ಮೇಲೆ ಮೂರು ಸೂತ ನೀರು. ಪಶ್ಚಿಮದ ಮೇಲೆ ಮೂರು. ದಕ್ಷಿಣದ ಮೇಲೆ ಮೂರು. ಉತ್ತರದ ಕಲ್ಲು ಸರಿಯಾಗಿ ಮೂರು ಸೂತ ಎತ್ತರ.

ಆಗ ಆ ದಿನ ನೆನಪಾಯಿತು. ಉತ್ತರದ ಹೊಸ್ತಿಲೇ ಕೊನೆಯದು. ನಾನು ದತ್ತುವಿಗೆ ಬೆನ್ನು ಮಾಡಿ ಕೂತಿದ್ದೆ. ಅವನು ಎಲ್ಲ ಅಳತೆಗೂ ಆಧಾರವಾದ ಮೂಲ ಗುರುತಿನ ಹತ್ತಿರ, ಸಿಮೆಂಟಿನ ಶೆಡ್ಡಿನ ಪಕ್ಕ. "ಹೌದ್! ಹೌದ್!" ಎಂದು ಎರಡು ಸಲ ಕೂಗಿದ. ಯಾವತ್ತೂ ಒಂದೇ ಸಲ ಕೂಗುವವನು ಎರಡು ಸಲ ಕೂಗಿದನಲ್ಲ, ಪಕ್ಕಾ ಆಯಿತು ಎಂದು ಗೆರೆ ಹಾಕಿದೆ. ತಿರುಗಿದರೆ ದತ್ತು ಓಡುತ್ತಿದ್ದ. ಸೈಟಿನ ನೀರಿನ ತೊಟ್ಟಿ ತುಂಬಿ ಹರಿದು ಸಿಮೆಂಟಿನ ಚೀಲಗಳು ತೋಯುತ್ತಿದ್ದವು. ಮರಾಠಿಯಲ್ಲಿ ತೊಟ್ಟಿಗೆ ಹೌದ್ ಎನ್ನುತ್ತಾರೆ. ಮೂವತ್ತು ವರ್ಷ ಈ ಊರಲ್ಲಿದ್ದು ನನಗೆ ಅದು ಗೊತ್ತಿಲ್ಲದ ಮಾತಲ್ಲ. ಅವನು ತೊಟ್ಟಿ, ತೊಟ್ಟಿ ಎಂದು ಕೂಗಿದ. ನಾನು ನನ್ನ ಮನೆಯ ಹೌದು ಎಂದು ಕೇಳಿಸಿಕೊಂಡೆ.

ಕಲ್ಲೆತ್ತಿ ಮೂರು ಸೂತ ಗಾರೆ ಹೆರೆದು ಮತ್ತೆ ಕೂರಿಸಲು ನನಗೆ ಎರಡು ತಾಸು ಸಾಕು. ಕೂರಿಸಿದ್ದರೆ ಮಧ್ಯಾಹ್ನದೊಳಗೆ ಚಾದರ ಹರಿಯುತ್ತಿತ್ತು. ಹರಿದರೆ ಅವ್ವಮ್ಮನಿಗೆ ಬರಬೇಡ ಎನ್ನಬೇಕು. ನಾನು ಹಾರೆ ಮುಟ್ಟಲಿಲ್ಲ. ನೀರು ಖಾಲಿ ಮಾಡಿದೆ, ಮಣ್ಣು ಕಿತ್ತೆ, ಇಡೀ ದಿನ ಮಂಟಪದಲ್ಲಿ ಕೂತೆ. ಮುಕಾದಮನಿಲ್ಲದೆ ಆಳುಗಳೂ ಕೆಲಸಕ್ಕೆ ಬಂದಿರಲಿಲ್ಲ, ಹನ್ನೆರಡು ಬಾಗಿಲಲ್ಲಿ ಒಂದರಿಂದಲೂ ಯಾರೂ ಬರಲಿಲ್ಲ. ನಾಚಿಕೆಯಾಯಿತು. ಆದರೂ ಅವಳು ಬರುತ್ತಾಳೆ ಎನ್ನುವ ಸುಖ ನಾಚಿಕೆಗಿಂತ ದೊಡ್ಡದಿತ್ತು.

ಭಾನುವಾರ ಎಂಟು ಗಂಟೆಗೆ ಬಂದಳು. ತೆಳ್ಳಗಾಗಿದ್ದಳು. ಬೆರಳುಗಳಲ್ಲಿ ಉಳ್ಳಾಗಡ್ಡಿಯ ವಾಸನೆ. ಚಹ ಬೇಡವೆಂದು ನೇರ ಕೊಳದ ಹತ್ತಿರ ಹೋದಳು. ನಾಲ್ಕು ಹೊಸ್ತಿಲೂ ಬಗ್ಗಿ ನೋಡಿದಳು. ಪೂರ್ವದ ಕಲ್ಲಿನ ಪಕ್ಕ, ಕೊಳದ ಗೋಡೆಯ ಮೇಲೆ, ನಿಂತು ಇಳಿದ ನೀರಿನ ಸಣ್ಣ ಗೆರೆ ಉಳಿದಿತ್ತು. ಸಂದಿಯಲ್ಲಿ ಜೇಡಿಮಣ್ಣು ಇನ್ನೂ ಹಸಿ. ಉಗುರಿನಿಂದ ಕೆದರಿದಳು.

"ನೀರು ನಿಲ್ಲಿಸಿ ಅಳದೀರಿ," ಎಂದಳು. "ಎಷ್ಟ್ ಬಂತು?"

ಸುಳ್ಳು ಹೇಳುವ ಜಾಗವೇ ಉಳಿದಿರಲಿಲ್ಲ. "ಮೂರು ಸೂತ."

"ಮತ್ತ ನನ್ಯಾಕ ಕರೆದ್ರಿ?"

ಕೇಳಿದ್ದು ಕೋಪದಿಂದಲ್ಲ, ತಿಳಿಯಲಿಕ್ಕೆ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

"ಖೋಲ್ಯಾಗ ಒಬ್ನ ಇರ್ಲಿಕ್ಕ ಆಗವಲ್ದು," ಎಂದೆ. "ಮತ್ತ ಇನ್ನೊಂದದ. ಅವತ್ತ ಈಜುಕೊಳದಾಗ ತಪ್ಪ್ ನಿಂದಲ್ಲ. ನನ್ನ ಹೆಬ್ಬಟ್ಟು ಪೈಪಿನ ಬಾಯಿ ಮ್ಯಾಲಿತ್ತು. ಅವತ್ತ ಸಂಜಿಗೇ ನನಗ ಗೊತ್ತಾಗಿತ್ತು."

ಆಕೆ ಕೊಳದ ಅಂಚಿಗೆ ಕೂತಳು. ಅಳಲಿಲ್ಲ.

"ನನಗ ಅವತ್ತ ಅಲ್ಲೇ ಗೊತ್ತಿತ್ತು," ಎಂದಳು. "ನನ್ನ ತುದಿಗಿ ನೀರು ಅಳ್ಳಾಡ್ದಂಗ ನಿಂತಿತ್ತು. ಬೆರಳು ತೆಗೀರಿ ಅಂತ ಕೂಗಬೇಕಂದೆ. ಅಷ್ಟರಾಗ ನೀವು ಗೆರಿ ಹಾಕಿದ್ರಿ, ಕೇಳೂ ಮನಸ್ಯಾ ಅಲ್ಲಂತ ಸುಮ್ನಾದೆ."

ಆಕೆಯೇ ಎದ್ದು ಸೆರಗು ಸಿಕ್ಕಿಸಿ, "ಹಾರಿ ತರ್ರಿ," ಎಂದಳು. ಇಬ್ಬರೂ ಸೇರಿ ಕಲ್ಲೆತ್ತಿದೆವು, ಗಾರೆ ಹೆರೆದೆವು. ಕೂರಿಸುವಾಗ ಪೈಪು ಬೇಕೆಂದು ಆಕೆಯೇ ಹೇಳಿದಳು, ತನ್ನ ತುದಿ ಹಿಡಿದು ಮೂಲ ಗುರುತಿಗೆ ಹೋದಳು. ದತ್ತುವಿನ ತೊಟ್ಟಿಯ ಕತೆ ಹೇಳಿದೆ. "ತೊಟ್ಟಿಗಿ ಹೌದಂದ್ರ ನೀವು ಹೂಂ ಅಂದ್ಕೊಂಡ್ರಿ?" ಎಂದು ನಕ್ಕಳು, ನಗು ನಿಲ್ಲಿಸಲಾಗದೆ ಪೈಪಿನ ನೀರು ಕುಣಿಯಿತು. ಆ ನಗು ಕೇಳಿ ನನಗೆ ಎಲ್ಲ ಸರಿಹೋಯಿತು ಎನಿಸಿತು.

ಕಲ್ಲಿನ ಗಾರೆ ಬಿಗಿಯುವವರೆಗೆ ಕಾದು ಮೂರು ಗಂಟೆಗೆ ನೀರು ಬಿಟ್ಟೆ. ನಾಲ್ಕು ಹೊಸ್ತಿಲನ್ನೂ ಒಟ್ಟಿಗೇ ದಾಟಿತು. ಉತ್ತರದ ಕಾಲುವೆಯಲ್ಲಿ ಒಣ ಎಲೆಗಳನ್ನು ನೂಕಿಕೊಂಡು ಹೋಯಿತು. ನಾವಿಬ್ಬರೂ ಅದರ ಜೊತೆ ನಡೆದು ಮಂಟಪಕ್ಕಿಳಿದೆವು. ಚಾದರದ ಮೇಲೆ ಮೊದಲು ಕಪ್ಪು ಗೆರೆಗಳು, ಆಮೇಲೆ ಇಡೀ ಕಲ್ಲು ಬೆಳ್ಳಗಾಗಿ ಸದ್ದು ಮಾಡಿತು. ನಡುಬಾಗಿಲಲ್ಲಿ ಕೂರೆಂದೆ. ಕೂತಳು. ಕಾರಂಜಿ ನೆಟ್ಟಗೆ ಎದುರಿಗೆ. ಸ್ವಲ್ಪ ಹೊತ್ತು ನೋಡಿದಳು.

"ಭಾಳ ಚಂದಾಗ್ಯದ," ಎಂದಳು. ಎದ್ದು ಕೈಚೀಲ ತೆಗೆದುಕೊಂಡಳು. "ಐದರ ಬಸ್ಸದ."

"ಇನ್ನೂ ಯಾಕ ಹೋಗ್ತಿ? ತಪ್ಪ್ ನಂದಂತ ಹೇಳಿದ್ನಲ್ಲ."

ಆಕೆ ಚಾದರದ ಸದ್ದಿಗಿಂತ ತುಸು ಜೋರಾಗಿ ಹೇಳಿದಳು, ನನಗೆ ಕೇಳಿಸಲೆಂದು.

"ಬೈದದ್ದು ನಲವತ್ತು ಮಂದಿ ಮುಂದ. ತಪ್ಪ್ ಒಪ್ಕೊಂಡದ್ದು ಒಬ್ಬಾಕಿ ಮುಂದ."

ರಸ್ತೆಯವರೆಗೂ ಹೋದೆ. ಬಸ್ಸು ಬಂತು, ಆಕೆ ಕಿಟಕಿಯಿಂದ ಕೈ ಬೀಸಲಿಲ್ಲ, ಮುಖ ತಿರುಗಿಸಲೂ ಇಲ್ಲ. ನೇರ ನನ್ನನ್ನೇ ನೋಡುತ್ತ ಹೋದಳು.

ಮೊದಲು ದತ್ತುವಿನ ಮನೆಗೆ ಹೋದೆ. ಅವನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, ಅವನ ಹೆಂಡತಿ ಮಕ್ಕಳ ಎದುರಿಗೆ, ತಪ್ಪು ನನ್ನ ಕಿವಿಯದು ಎಂದು ಹೇಳಿದೆ. ನಾಳೆ ಸೈಟಿನಲ್ಲೂ ಹೇಳುತ್ತೇನೆ ಎಂದೆ. ಅವನು ತಲೆಯಾಡಿಸಿ ಬಾಗಿಲು ಹಾಕಿಕೊಂಡ.

ವಾಪಸು ಬಂದು ಮಂಟಪದ ಮೆಟ್ಟಿಲ ಮೇಲೆ ಫೋನ್ ತೆಗೆದು ಕೂತೆ. ನಿಗಡಿಯ ಆ ಸೈಟಿನ ನಲವತ್ತು ಜನ ಈಗ ಎಲ್ಲೆಲ್ಲಿದ್ದಾರೋ. ಕೆಲವರು ಊರಿಗೆ ಹೋದರು, ಒಬ್ಬ ತೀರಿಕೊಂಡ. ನನ್ನ ಹತ್ತಿರ ಹನ್ನೊಂದು ಜನರ ನಂಬರ್ ಸಿಕ್ಕವು. ಮೊದಲನೆಯದು ಬಂದ್ ಆಗಿತ್ತು. ಎರಡನೆಯದನ್ನು ಒಬ್ಬ ಎತ್ತಿದ, ನನ್ನ ಹೆಸರು ಹೇಳಿದ ಕೂಡಲೇ ಇಟ್ಟುಬಿಟ್ಟ. ಮೂರನೆಯದು ಅಂಬಾರಾಯನದು, ಅವತ್ತು ಕಟ್ಟೆಯ ಹತ್ತಿರವೇ ನಿಂತಿದ್ದವನು.

"ಯಾಕ್ ಧರ್ಮಣ್ಣ, ಏನಾರ ಕೆಲಸದೇನು?" ಎಂದ.

"ಕೆಲಸಿಲ್ಲ," ಎಂದೆ. "ನಮ್ಮಾಕೀದ ಒಂದ್ ಮಾತ್ ಹೇಳೂದದ. ಐದು ನಿಮಿಷ ಕೇಳ್ತಿ?"